ಮಿಕ್ಕಿದ ಕಲರ್ ಎತ್ತಿಟ್ಟರೆ ಪೋಲು ತಪ್ಪುತ್ತಾ?

ಪ್ರಶ್ನೆ: ನಮ್ಮ ಸಲೂನ್‌ನಲ್ಲಿ ಹೇರ್ ಕಲರ್ ಲೆಕ್ಕಕ್ಕೇ ಸಿಗದ ಹಾಗೆ ಖಾಲಿಯಾಗುತ್ತದೆ. ಬೌಲ್‌ನಲ್ಲಿ ಮಿಕ್ಕಿದ್ದನ್ನು ಡಬ್ಬಿಗೆ ಹಾಕಿ, ಗಟ್ಟಿ ಮುಚ್ಚಳ ಹಾಕಿಟ್ಟು ಮರುದಿನ ಬಳಸಬಹುದು ಅಲ್ವಾ?

ಬಳಸಬಾರದು. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಯಾವುದೋ ಸಲೂನ್‌ನ ಕಪಾಟಿನಲ್ಲಿ ಅದೇ ಡಬ್ಬಿ ಕಾಣುತ್ತದೆ. ಹಾಗಾಗಿ ಈ ಸಲ ಕಾರಣವನ್ನೇ ಬಿಡಿಸಿ ಹೇಳುತ್ತೇನೆ.

ಟ್ಯೂಬ್‌ನಿಂದ ಹಿಂಡಿದಾಗ ಕಲರ್ ಕ್ರೀಮ್ ಯಾವ ಬಣ್ಣಕ್ಕಿರುತ್ತದೆ, ನೋಡಿದ್ದೀರಿ. ಡಾರ್ಕ್ ಬ್ರೌನ್ ಶೇಡ್ ಕೂಡ ಹೊರಗೆ ಬರುವಾಗ ಹೆಚ್ಚುಕಡಿಮೆ ಬೆಣ್ಣೆಯ ಬಣ್ಣ. ಅದರಲ್ಲಿರುವುದು ಇನ್ನೂ ಬಣ್ಣವಾಗದ ಸಣ್ಣ ಸಣ್ಣ ಕಣಗಳು. ಡೆವಲಪರ್ ಸೇರಿದ ಕೂಡಲೇ ಅವು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತಾ ಬಣ್ಣ ಕಟ್ಟುತ್ತವೆ. ಸಣ್ಣದಾಗಿರುವಾಗಲೇ ಕೂದಲೊಳಗೆ ಹೋಗಿ, ಅಲ್ಲಿ ದೊಡ್ಡದಾಗಿ ಸಿಕ್ಕಿಕೊಂಡರೆ ಬಣ್ಣ ನಿಲ್ಲುತ್ತದೆ. ಬೌಲ್‌ನಲ್ಲೇ ದೊಡ್ಡದಾದರೆ ಕೂದಲೊಳಗೆ ನುಗ್ಗಲು ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಬೌಲ್ ನೋಡಿ, ಮೇಲ್ಭಾಗ ಕಪ್ಪಾಗಿರುತ್ತದೆ. ಬಿಳಿ ಕೂದಲಿನ ಮೇಲೆ ಆಗಬೇಕಾದ ಕೆಲಸ ಬೌಲ್‌ನಲ್ಲಿ ಆಗಿಹೋಗಿದೆ ಅಂತ ಅರ್ಥ.

"ಮುಚ್ಚಳ ಗಟ್ಟಿ ಇದ್ದರೆ ಗಾಳಿ ಹೋಗಲ್ಲ" ಅನ್ನುತ್ತಾರೆ. ಗಾಳಿಯೇ ಬೇಕಿಲ್ಲ! ಬೇಕಾದ ಆಮ್ಲಜನಕ ಡೆವಲಪರ್‌ನ ಪೆರಾಕ್ಸೈಡ್‌ನಲ್ಲೇ ಇದೆ. ಗಟ್ಟಿ ಮುಚ್ಚಳ ಇನ್ನೂ ಅಪಾಯ: ಒಳಗೆ ಅನಿಲ ತುಂಬಿ ಡಬ್ಬಿ ಉಬ್ಬುತ್ತದೆ, ಒಡೆಯಲೂಬಹುದು. ಫ್ರಿಜ್‌ನಲ್ಲಿಟ್ಟರೂ ಕ್ರಿಯೆ ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಮರುದಿನ ಅದನ್ನು ಹಚ್ಚಿಸಿಕೊಂಡವರು ಬಿಳಿ ಕೂದಲು ಮುಚ್ಚಲಿಲ್ಲ ಅಂತ ವಾಪಸ್ ಬರುತ್ತಾರೆ. ಆಗ ಹೊಸ ಟ್ಯೂಬ್ ಒಡೆಯಲೇಬೇಕು. ಉಳಿಸಿದ್ದು ಎಲ್ಲಿ ಬಂತು?

ಹಾಗಾದರೆ ಪೋಲು ತಡೆಯುವುದು ಎಲ್ಲಿ? ಕಲಸುವ ಮೊದಲು. ಅದಕ್ಕೆ ಬೇಕಾದದ್ದು ಗ್ರಾಂ ತೋರಿಸುವ ಒಂದು ಸಣ್ಣ ತಕ್ಕಡಿ.

ಒಂದು ರೂಟ್ ಟಚ್‌ಅಪ್ ತೆಗೆದುಕೊಳ್ಳಿ. ಟ್ಯೂಬ್ 60 ಗ್ರಾಂ. ಆ ಕಲರ್‌ಗೆ ಕಂಪನಿ ಹೇಳಿರುವ ಅಳತೆ ಒಂದಕ್ಕೆ ಒಂದೂವರೆ ಅಂತಿಟ್ಟುಕೊಳ್ಳಿ. ಹುಡುಗಿ ಅಭ್ಯಾಸಬಲದಿಂದ ಇಡೀ ಟ್ಯೂಬ್ ಹಿಂಡಿ, 90 ಗ್ರಾಂ ಡೆವಲಪರ್ ಸುರಿದಳು. ಒಟ್ಟು 150 ಗ್ರಾಂ. ಹಚ್ಚಿ ಮುಗಿದ ಮೇಲೆ ಬೌಲ್ ತೊಳೆಯಲು ಬಿಡಬೇಡಿ, ತಕ್ಕಡಿ ಮೇಲಿಡಿ. ಖಾಲಿ ಬೌಲ್‌ನ ತೂಕ ಕಳೆದರೆ 50 ಗ್ರಾಂ ಉಳಿದಿದೆ. ಅದರಲ್ಲಿ ಕಲರ್ 20 ಗ್ರಾಂ. ಇಂಥ ಹತ್ತು ತಲೆಗೆ 200 ಗ್ರಾಂ, ಅಂದರೆ ಮೂರು ಟ್ಯೂಬ್‌ಗಿಂತ ಜಾಸ್ತಿ ಸಿಂಕ್‌ಗೆ ಹೋಯಿತು. ಬೀರುವಿಗೆ ಎಷ್ಟು ಬೀಗ ಹಾಕಿದರೂ ಈ ಲೆಕ್ಕ ಸಿಗುವುದಿಲ್ಲ.

ಆ ಗ್ರಾಹಕರ ಕಾರ್ಡ್‌ನಲ್ಲಿ ಶೇಡ್ ಪಕ್ಕ ಬರೆದಿಡಿ: 40 ಕಲರ್, 60 ಡೆವಲಪರ್. ಮುಂದಿನ ಸಲ ಅಷ್ಟೇ ಕಲಸಿ. ನಡುವೆ ಸಾಲದೇ ಹೋದರೆ ಅನ್ನುವ ಭಯ ಎಲ್ಲರಿಗೂ ಇದೆ, ಅದಕ್ಕೇ ಜಾಸ್ತಿ ಹಿಂಡುತ್ತಾರೆ. ಸಾಲದಿದ್ದರೆ 10 ಗ್ರಾಂ ಕಲರ್‌ಗೆ 15 ಗ್ರಾಂ ಡೆವಲಪರ್ ಸೇರಿಸಿ ಇನ್ನೊಂದು ಸಲ ಕಲಸಿ. ಒಂದೇ ನಿಮಿಷದ ಕೆಲಸ. ಕಾಯುವ ಸಮಯವನ್ನು ಪೂರ್ತಿ ಹಚ್ಚಿ ಮುಗಿದ ಮೇಲೆ ಎಣಿಸುವುದರಿಂದ ಬಣ್ಣದಲ್ಲಿ ವ್ಯತ್ಯಾಸ ಬರುವುದಿಲ್ಲ.

ಡಬ್ಬಿಯಲ್ಲಿ ಉಳಿಯದಿದ್ದರೂ ಟ್ಯೂಬ್‌ನಲ್ಲಿ ಉಳಿಯುತ್ತದೆ. ಅರ್ಧ ಟ್ಯೂಬ್ ಇದ್ದರೆ ಬುಡದಿಂದ ಮಡಚಿ, ಬಾಯಿ ಒರೆಸಿ, ಮುಚ್ಚಳ ಬಿಗಿ ಮಾಡಿ, ಒಡೆದ ತಾರೀಖು ಬರೆದು ಸಾಲಿನ ಮುಂದಿಡಿ. ಹಿಂದಿರುವ ಹೊಸದನ್ನು ಒಡೆಯುವ ಮೊದಲು ಕೈ ಅದಕ್ಕೇ ಹೋಗಬೇಕು. ಆರ್ಡರ್ ಕೂಡ ಕಾರ್ಡ್ ನೋಡಿಯೇ ಹಾಕಿ. ಒಂದು ಶೇಡ್ ವಾರಕ್ಕೆ 6 ಟ್ಯೂಬ್ ಹೋಗುತ್ತದೆ, ಸರಕು ಬರಲು ಒಂದು ವಾರ ಬೇಕು ಅಂದರೆ, 8 ಉಳಿದಾಗ ಆರ್ಡರ್ ಹಾಕಿದರೆ ಸಾಕು.

ಇನ್ನು ನೀವು ಕೇಳದ ಒಂದು ವಿಷಯ. ಉಳಿತಾಯದ ಹುಮ್ಮಸ್ಸಿನಲ್ಲಿ ಕೆಲವರು ವ್ಯಾಕ್ಸ್ ಸ್ಪ್ಯಾಚುಲಾಗೆ ಕತ್ತರಿ ಹಾಕುತ್ತಾರೆ. ಒಂದೇ ಕಡ್ಡಿಯನ್ನು ಚರ್ಮಕ್ಕೆ ತಾಗಿಸಿ ಮತ್ತೆ ಹೀಟರ್‌ಗೆ ಅದ್ದುತ್ತಾರೆ. "ಬಿಸಿಗೆ ಕ್ರಿಮಿ ಸಾಯುತ್ತೆ" ಅನ್ನುವುದು ಅವರ ಸಮಾಧಾನ. ಚರ್ಮ ತಡೆದುಕೊಳ್ಳುವ ಬಿಸಿಗೆ ಕ್ರಿಮಿ ಸಾಯುತ್ತದೆ ಅಂತ ನಂಬುವ ಹಾಗಿಲ್ಲ. ಪ್ರತಿ ಅದ್ದುವಿಕೆಗೂ ಹೊಸ ಕಡ್ಡಿಯೇ ಬೇಕು. ಅದ್ದಿಬಿಟ್ಟಿದ್ದರೆ ಆ ಪಾತ್ರೆಯ ಅಷ್ಟೂ ವ್ಯಾಕ್ಸ್ ಎಸೆಯಬೇಕು.

ವ್ಯಾಕ್ಸ್ ಉಳಿಸಬೇಕಾದರೆ ಅದರ ಹದ ನೋಡಿ. ಕಡ್ಡಿಯಿಂದ ಗಟ್ಟಿ ಮುದ್ದೆಯಾಗಿ ಬೀಳುತ್ತಿದ್ದರೆ ಬಿಸಿ ಸಾಲದು, ದಪ್ಪ ಪದರ ಕೂರುತ್ತದೆ, ಸ್ಟ್ರಿಪ್ ಕೂಡ ಬೇಗ ತುಂಬುತ್ತದೆ. ಜೇನಿನ ಹಾಗೆ ಎಳೆಯಾಗಿ ಇಳಿದರೆ ಹದ ಸರಿ. ಮುಂಗೈ ಒಳಭಾಗಕ್ಕೆ ಒಂದು ಚೂರು ಹಚ್ಚಿ ಬಿಸಿ ನೋಡಿಕೊಂಡು, ತೆಳ್ಳಗೆ ಎಳೆಯಿರಿ. ಆಗ ಒಬ್ಬರ ಕೈಗೆ ಅದೇ ಸ್ಟ್ರಿಪ್ ನಾಲ್ಕಾರು ಸಲ ಬರುತ್ತದೆ. ಅವರ ಕೆಲಸ ಮುಗಿದ ಕೂಡಲೇ ಅದು ಕಸದ ಬುಟ್ಟಿಗೆ ಹೋಗಬೇಕು.