ಭಂಡಾರದ ಹುಡಿ ಎಲ್ಲಿ ಹೋಯಿತು?

ಭರತ ಹುಣ್ಣಿಮೆ ಮುಗಿದ ವಾರ ನನ್ನ ಸೋದರಳಿಯ ಬೆಳಗಾವಿಯ ನಮ್ಮ ಮನೆಗೆ ಬಂದವನೇ ಫೋನು ಮುಂದೆ ಹಿಡಿದ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ತೆಗೆದ ವಿಡಿಯೊ, 75 ಸೆಕೆಂಡಿನದು. ಜನ ಮುಷ್ಟಿಗಟ್ಟಲೆ ಭಂಡಾರ ತೂರುತ್ತಿದ್ದಾರೆ, ಬಿಸಿಲಿಗೆ ಅರಿಶಿನದ ಹುಡಿ ಕಣಕಣವಾಗಿ ಹೊಳೆಯುತ್ತಿದೆ. ಅದನ್ನೇ ಮನೆಯವರ ಗ್ರೂಪಿಗೆ ಹಾಕಿದ್ದ. ಅಲ್ಲಿ ಮಾತ್ರ ಹುಡಿಯೇ ಇಲ್ಲ. ಹಳದಿ ಬಣ್ಣ ಬಳಿದ ಹತ್ತಿಯಂಥ ಒಂದು ಮುದ್ದೆ, ಅದರೊಳಗೆ ಕಣ್ಣು ಮೂಗು ಅಳಿಸಿಹೋದ ಮುಖಗಳು.

“ಮಾಮಾ, ಫೋನಿನ್ಯಾಗ ಎಷ್ಟ್ ಚೊಲೋ ಕಾಣತೈತಿ ನೋಡ್ರಿ. ಗ್ರೂಪಿಗೆ ಹಾಕಿದ ಮ್ಯಾಲ ಯಾಕ್ ಹಿಂಗ ಮಸಕ ಆಕ್ಕೈತಿ?”

ಎರಡೂ ಫೈಲುಗಳ ವಿವರ ತೆಗೆದು ನೋಡಿದೆವು. ಅವನ ಫೋನಿನಲ್ಲಿದ್ದದ್ದು 1920×1080 ಅಳತೆಯದು, 159 ಎಂಬಿ. ಗ್ರೂಪಿನಿಂದ ಇಳಿಸಿಕೊಂಡದ್ದು 848×480, ಬರೀ 13 ಎಂಬಿ. ಹನ್ನೆರಡರಲ್ಲಿ ಒಂದು ಪಾಲು ಉಳಿದಿದೆ. ಕಳ್ಳ ಸಿಕ್ಕ ಎಂದು ಅವನಿಗೆ ಖುಷಿಯಾಯಿತು. ಆದರೆ ಅವನು ಒಳ್ಳೆಯದೆಂದು ತೋರಿಸುತ್ತಿದ್ದ ಆ 159 ಎಂಬಿ ಕೂಡ ಮೂಲವಲ್ಲ. ಆ ಅಳತೆಯ ವಿಡಿಯೊವನ್ನು ಸೆಕೆಂಡಿಗೆ 30 ಚಿತ್ರದಂತೆ, ಏನೂ ಕುಗ್ಗಿಸದೆ ಇಟ್ಟರೆ ಸೆಕೆಂಡಿಗೇ ಸುಮಾರು 93 ಎಂಬಿ ಬೇಕು. 75 ಸೆಕೆಂಡಿಗೆ ಹತ್ತಿರ ಹತ್ತಿರ 7 ಜಿಬಿ. ಅಂದರೆ ಫೋನೇ ಮೊದಲ ಸುತ್ತಿನಲ್ಲಿ ನಲವತ್ತು ಪಟ್ಟಿಗಿಂತ ಹೆಚ್ಚು ಹಿಂಡಿ ಹಾಕಿದೆ, ಕಣ್ಣಿಗೆ ಗೊತ್ತಾಗಿಲ್ಲ. ಹನ್ನೆರಡು ಪಟ್ಟು ಹಿಂಡಿದ ಎರಡನೇ ಸುತ್ತು ಗೊತ್ತಾಯಿತು. ಯಾಕೆ ಎನ್ನುವುದಕ್ಕೆ ಐವತ್ತು ವರ್ಷ ಹಿಂದೆ ಹೋಗಬೇಕು.

ಈ ಕತೆ ಶುರುವಾಗುವುದು ನಮ್ಮ ರಾಜ್ಯದವರೊಬ್ಬರಿಂದ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ 1972ರಲ್ಲಿ ಚಿತ್ರಗಳನ್ನು ಕುಗ್ಗಿಸುವ ಒಂದು ಗಣಿತದ ಹಾದಿಯನ್ನು ಯೋಚಿಸಿ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಹಣ ಕೇಳಿ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಆದರೂ ಕೆಲಸ ಬಿಡದೆ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜತೆ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಇವತ್ತು ನಾವು ನೋಡುವ ಜೆಪೆಗ್ ಫೋಟೊ, ಯೂಟ್ಯೂಬ್ ವಿಡಿಯೊ ಎಲ್ಲದರ ಹೊಟ್ಟೆಯೊಳಗೆ ಅದು ಅಥವಾ ಅದರ ಮಕ್ಕಳು ಮರಿಗಳು ಇವೆ.

ಅದು ಮಾಡುವುದು ಇಷ್ಟು. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸುತ್ತದೆ, ಅಡ್ಡ ಎಂಟು ಉದ್ದ ಎಂಟು ಚುಕ್ಕೆಗಳ ಚೌಕ ಎಂದುಕೊಳ್ಳಿ. ಒಂದೊಂದು ಚೌಕದ 64 ಚುಕ್ಕೆಗಳನ್ನು ಬೇರೆ 64 ಸಂಖ್ಯೆಗಳಾಗಿ ಬರೆಯುತ್ತದೆ. ಮೊದಲಿನ ಕೆಲವು ಸಂಖ್ಯೆಗಳು ಚೌಕದ ಒಟ್ಟು ಬೆಳಕು, ನಿಧಾನವಾಗಿ ಬದಲಾಗುವ ಬಣ್ಣ ಇವನ್ನು ಹೇಳುತ್ತವೆ. ಕೊನೆಯವು ಕೂದಲೆಳೆ, ಸೀರೆಯ ನೂಲು, ಹುಡಿಯ ಕಣ ಇಂಥ ಸೂಕ್ಷ್ಮವನ್ನು. ಇಲ್ಲಿಯವರೆಗೆ ಏನೂ ಕಳೆದಿಲ್ಲ. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ, ಆ ಸಂಖ್ಯೆಗಳನ್ನು ಮೊಟಕು ಮಾಡುವಾಗ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಒಬ್ಬ ತೂಕದವನ ಹತ್ತಿರ ಐದು ಕಿಲೋದ ಕಲ್ಲು ಒಂದೇ ಇದೆ ಎಂದುಕೊಳ್ಳಿ. 41 ಕಿಲೋ ಬೆಲ್ಲ 40 ಆಗುತ್ತದೆ, ದೊಡ್ಡ ನಷ್ಟವಲ್ಲ. ಎರಡು ಕಿಲೋ ತಂದವನದು ಸೊನ್ನೆ. ಸೂಕ್ಷ್ಮವನ್ನು ಹೇಳುವ ಸಂಖ್ಯೆಗಳು ಸಾಮಾನ್ಯವಾಗಿ ಈ ಎರಡು ಕಿಲೋದವನ ಹಾಗೆ ಚಿಕ್ಕವು. ಜಾಗ ಕಡಿಮೆ ಇದ್ದಷ್ಟೂ ಕಲ್ಲು ದೊಡ್ಡದಾಗುತ್ತದೆ, ಸೊನ್ನೆಯಾಗುವವು ಹೆಚ್ಚುತ್ತವೆ. ಸೊನ್ನೆಯಾದದ್ದನ್ನು ಆಮೇಲೆ ಯಾರೂ ಮರಳಿ ತರಲಾರರು.

ಇದು ಒಂದು ಚಿತ್ರದ ಮಾತು. ವಿಡಿಯೊ ಎಂದರೆ ಸೆಕೆಂಡಿಗೆ 30 ಚಿತ್ರ. 1988ರ ಎಚ್.261 ಎಂಬ ಮಾನದಂಡ, ಟೆಲಿಫೋನ್ ತಂತಿಯಲ್ಲಿ ವಿಡಿಯೊ ಕರೆ ಮಾಡಲೆಂದು ಬಂದದ್ದು, ಡಿಸಿಟಿಯ ಜತೆ ಇನ್ನೊಂದು ಉಪಾಯವನ್ನು ಕೂಡಿಸಿತು. ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯುವುದು ಯಾಕೆ? ಹಿಂದಿನ ಚಿತ್ರದ ಯಾವ ತುಂಡು ಎಲ್ಲಿಗೆ ಸರಿಯಿತು ಎಂದು ಬರೆದರೆ ಸಾಕು. 16×16 ಚುಕ್ಕೆಗಳ ತುಂಡು ಹಿಡಿದು, ಹಿಂದಿನ ಚಿತ್ರದಲ್ಲಿ ಅದರಂಥದ್ದು ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಎತ್ತಿ ತಂದು ಇಡುವುದು. ಅಷ್ಟಿಷ್ಟು ಉಳಿದ ವ್ಯತ್ಯಾಸವನ್ನು ಮಾತ್ರ ಡಿಸಿಟಿ ಮಾಡಿ ಕಳಿಸುವುದು. ಇವತ್ತಿಗೂ ಕೋಡೆಕ್ ಎಂದು ಕರೆಯುವ, ವಿಡಿಯೊ ಹಿಂಡಿ ಬಿಚ್ಚುವ ಬಹುತೇಕ ವಿಧಾನಗಳ ಬುನಾದಿ ಇದೇ.

ಅಳಿಯನ ವಿಡಿಯೊ ಸೋತದ್ದು ಈ ಉಪಾಯ ನಡೆಯದ ಜಾಗದಲ್ಲಿ. ಗುಡಿಯ ಗೋಡೆ ಅಲುಗುವುದಿಲ್ಲ, ಹಿಂದಿನ ಚಿತ್ರದ್ದನ್ನೇ ಇಟ್ಟುಕೋ ಎಂದರೆ ಮುಗಿಯಿತು. ನಡೆದು ಹೋಗುವ ಮನುಷ್ಯ ಒಂದು ದಿಕ್ಕಿಗೆ ಸರಿಯುತ್ತಾನೆ, ಅವನನ್ನೂ ಎತ್ತಿ ಇಡಬಹುದು. ಭಂಡಾರ ಹಾಗಲ್ಲ. ಒಂದೊಂದು ಕಣವೂ ತನ್ನ ದಾರಿ ಹಿಡಿಯುತ್ತದೆ, ಮೂವತ್ತನೇ ಒಂದು ಸೆಕೆಂಡಿನಲ್ಲಿ ಮೋಡದ ಆಕಾರವೇ ಬೇರೆ. ಹಿಂದಿನ ಚಿತ್ರದಲ್ಲಿ ಅದಕ್ಕೆ ಹೊಂದುವ ತುಂಡು ಸಿಗುವುದಿಲ್ಲ. ಹೆಚ್ಚು ಕಡಿಮೆ ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯಬೇಕು, ಆದರೆ ಅದಕ್ಕೆ ಬೇಕಾದಷ್ಟು ಬಿಟ್‌ಗಳಿಲ್ಲ. ಆಗ ಕಲ್ಲು ದೊಡ್ಡದಾಗುತ್ತದೆ. ಗೋಕಾಕ ಜಲಪಾತದ ಮಳೆಗಾಲದ ವಿಡಿಯೊ, ಗಾಳಿಗೆ ಅಲ್ಲಾಡುವ ಕಬ್ಬಿನ ಗದ್ದೆ, ಮದುವೆಯಲ್ಲಿ ಅಕ್ಷತೆ ಬೀಳುವ ಗಳಿಗೆ, ಎಲ್ಲವೂ ಇದೇ ಜಾತಿ.

ಅರಿಶಿನಕ್ಕೆ ಇನ್ನೊಂದು ಏಟೂ ಬೀಳುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸಿದಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಅದಕ್ಕೇ ಬೆಳಕನ್ನು ಪ್ರತಿ ಚುಕ್ಕೆಗೂ, ಬಣ್ಣವನ್ನು ನಾಲ್ಕು ಚುಕ್ಕೆಗೆ ಒಂದು ಸಲ ಮಾತ್ರ ಇಡುವುದು ರೂಢಿ. ಬೆಳಕಿನಲ್ಲಿ ಒಂದೇ ಥರ ಇದ್ದು ಬಣ್ಣದಲ್ಲಷ್ಟೇ ಬೇರೆಯಾಗಿರುವ ಕಣಗಳು ಆ ಲೆಕ್ಕದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇನ್ನು ಮಸುಕಿನ ಮಾತು. ನನ್ನ ವಯಸ್ಸಿನವರಿಗೆ ನೆನಪಿರಬೇಕು, ಬಾಡಿಗೆಗೆ ವಿಸಿಡಿ ತಂದು ನೋಡುತ್ತಿದ್ದ ಕಾಲದಲ್ಲಿ ಚಿತ್ರ ಹೀಗೆ ಮಸುಕಾಗುತ್ತಿರಲಿಲ್ಲ, ಒಡೆಯುತ್ತಿತ್ತು. ಕುಣಿತ ಜೋರಾದರೆ ಸಾಕು, ಪರದೆಯ ತುಂಬ ಚೌಕ ಚೌಕ. ಡಿಸ್ಕು ಗೀಚಿದೆ ಎಂದು ಬನಿಯನ್ನಿಗೆ ಒರೆಸುತ್ತಿದ್ದೆವು. ಗೀಚೂ ಇರುತ್ತಿತ್ತು ಬಿಡಿ, ಆದರೆ ಗೀಚಿಲ್ಲದ ಡಿಸ್ಕಿನಲ್ಲೂ ಚೌಕ ಬರುತ್ತಿತ್ತು. ವಿಸಿಡಿಯ ಎಂಪೆಗ್-1ರಲ್ಲಿ ವಿಡಿಯೊಗೆ ಸಿಗುತ್ತಿದ್ದದ್ದು ಸೆಕೆಂಡಿಗೆ 1.15 ಮೆಗಾಬಿಟ್. ಅದು ಸಾಲದೆ ಹೋದಾಗ ಪ್ರತಿ ಚೌಕದಲ್ಲೂ ಮೊದಲಿನ ಒಂದೆರಡು ಸಂಖ್ಯೆ ಮಾತ್ರ ಉಳಿದು, ಪಕ್ಕದ ಚೌಕಕ್ಕೂ ಇದಕ್ಕೂ ಅಂಚು ಕೂಡದೆ, ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ ಹಾಗೆ ಕಾಣುತ್ತಿತ್ತು.

2003ರಲ್ಲಿ ಎಚ್.264 ಬಂತು. ಇವತ್ತಿಗೂ ಬಹುಪಾಲು ಎಲ್ಲ ಫೋನುಗಳೂ ಓದಬಲ್ಲ ಮಾನದಂಡ ಅದು. ಎಂಪೆಗ್-1ರಲ್ಲಿ ಇಲ್ಲದ ಒಂದು ಕೆಲಸ ಅದರ ಭಾಗವಾಯಿತು, ಚೌಕಗಳ ಅಂಚನ್ನು ಸವರಿ ನಯ ಮಾಡುವ ಡಿಬ್ಲಾಕಿಂಗ್ ಫಿಲ್ಟರ್. ಎರಡು ಚೌಕಗಳ ನಡುವಿನ ಗೆರೆ ನಿಜವಾದ ಗೆರೆಯೋ ಹಿಂಡುವಾಗ ಹುಟ್ಟಿದ ಗೆರೆಯೋ ಎಂದು ಅಂದಾಜು ಮಾಡಿ, ಎರಡನೆಯದಾದರೆ ಅಳಿಸುತ್ತದೆ. ಕಲ್ಲು ದೊಡ್ಡದಾದಷ್ಟೂ ಸವರುವುದು ಜೋರು. ಸವರಿದ ಚಿತ್ರವನ್ನೇ ಮುಂದಿನ ಚಿತ್ರಕ್ಕೆ ಆಧಾರವಾಗಿ ಎತ್ತಿಕೊಳ್ಳುವುದರಿಂದ ಆ ನಯ ಮುಂದಕ್ಕೂ ಹರಿಯುತ್ತದೆ. ಕಣ್ಣಿಗೆ ಇದು ಹಿತವೇ, ಚೌಕಕ್ಕಿಂತ ಮಂಜು ವಾಸಿ. ಆದರೆ ಅಳಿಯ ನೋಡಿದ ಹತ್ತಿಯ ಮುದ್ದೆ ಇದೇ. ಹುಡಿ ಮೊದಲೇ ಹೋಗಿತ್ತು. ವಿಸಿಡಿ ಕಾಲದಲ್ಲಾಗಿದ್ದರೆ ಅದು ಹೋದ ಜಾಗ ಚೌಕವಾಗಿ ಕಾಣುತ್ತಿತ್ತು, ಈಗ ಗಾಯದ ಮೇಲೆ ಗಿಲಾವು ಬಿದ್ದಿದೆ. ನನಗಂತೂ ಹಳೆಯದು ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಬಿಟ್ ಸಾಲಲಿಲ್ಲ ಎಂದು ಅದು ನೇರವಾಗಿ ಹೇಳುತ್ತಿತ್ತು. ಈಗಿನ ಮಸುಕು ನೋಡಿದವರು ಫೋನಿನ ಕ್ಯಾಮೆರಾವನ್ನೇ ಬೈಯುತ್ತಾರೆ.

2005ರಲ್ಲಿ ಯೂಟ್ಯೂಬ್ ಶುರುವಾದಾಗ ವಿಡಿಯೊದ ಅಳತೆ 320×240. ಯಾರು ಏನೇ ಕಳಿಸಲಿ, ಎಲ್ಲವನ್ನೂ ಅಲ್ಲಿ ಹೊಸದಾಗಿ ಹಿಂಡುವ ಪದ್ಧತಿ ಅಂದಿನದು. ನೋಡುವವರ ಸಾಧನ, ನೆಟ್‌ವರ್ಕ್ ನೂರೆಂಟು ಥರ ಇರುವಾಗ ಒಂದೇ ಫೈಲನ್ನು ಎಲ್ಲರಿಗೂ ಕೊಡಲಾಗುವುದಿಲ್ಲ. 2008ರಲ್ಲಿ 720 ಚುಕ್ಕೆ ಎತ್ತರದ್ದು, 2009ರಲ್ಲಿ 1080 ಬಂತು. ಈಗ ಒಂದೇ ವಿಡಿಯೊಗೆ 144ರಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪ್ರತಿಗಳು ತಯಾರಾಗುತ್ತವೆ. ಕೆಳಗಿನ ಮೆಟ್ಟಿಲು ಮೊದಲು ಸಿದ್ಧವಾಗುತ್ತದೆ, ಹಾಗಾಗಿ ಹಾಕಿದ ತಕ್ಷಣ ನೋಡಿದರೆ ಮಸುಕು, ಸ್ವಲ್ಪ ಹೊತ್ತು ಬಿಟ್ಟರೆ ಸ್ಪಷ್ಟ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ನೆಟ್‌ವರ್ಕ್ ಕುಸಿಯಬಾರದೆಂದು ದೇಶದ ದೊಡ್ಡ ವಿಡಿಯೊ ಸೇವೆಗಳೆಲ್ಲ ಮೊಬೈಲ್ ಡೇಟಾದಲ್ಲಿ 480ಕ್ಕಿಂತ ಮೇಲೆ ಕೊಡುವುದಿಲ್ಲ ಎಂದು ಕೆಲವು ವಾರ ನಿಂತದ್ದೂ ಉಂಟು. ಈ ಮೆಟ್ಟಿಲುಗಳು ಇರುವುದೇ ಇಂಥ ದಿನಕ್ಕೆ.

ಈಗ ಅಳಿಯನ ಫೈಲಿಗೆ ಮರಳೋಣ. ಬಿಟ್‌ರೇಟ್ ಸೆಕೆಂಡಿಗೆ 17 ಮೆಗಾಬಿಟ್‌ನಿಂದ ಸುಮಾರು 1.4ಕ್ಕೆ ಇಳಿದಿತ್ತು. ವಿಸಿಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಚುಕ್ಕೆಗಳು ಐದರಲ್ಲಿ ಒಂದಾಗಿದ್ದವು, ಬಿಟ್‌ಗಳು ಹನ್ನೆರಡರಲ್ಲಿ ಒಂದು. ಹಾಗಾದರೆ ಉಳಿದ ಒಂದೊಂದು ಚುಕ್ಕೆಗೂ ಮೊದಲಿನ ಅರ್ಧದಷ್ಟು ಬಿಟ್ ಕೂಡ ಸಿಕ್ಕಿಲ್ಲ. ಎರಡು ನಷ್ಟ ಸೇರಿಕೊಂಡಿವೆ, ಬೇರೆ ಬೇರೆಯಾಗಿ ಗುರುತಿಸಲೂಬಹುದು. ಜಾತ್ರೆಯ ಬ್ಯಾನರಿನ ಮೇಲಿನ ಸಣ್ಣ ಅಕ್ಷರ, ಏನೂ ಅಲುಗದ ಹೊತ್ತಿನಲ್ಲೂ ಮೊಂಡಾಗಿ ಕಂಡರೆ ಅದು ಚುಕ್ಕೆ ಕಡಿಮೆಯಾದದ್ದು. ನಿಂತ ಗೋಡೆ ಚೆನ್ನಾಗಿದ್ದು ಭಂಡಾರ ಹಾರಿದ ಗಳಿಗೆಯಲ್ಲಷ್ಟೇ ಕಲಸಿದರೆ ಅದು ಬಿಟ್ ಸಾಲದ್ದು. ಗ್ಯಾಲರಿಯಲ್ಲಿರುವ ಮೂಲವೇ ಮಸುಕಾಗಿದ್ದರೆ ಫೋಕಸ್ ತಪ್ಪಿದೆ ಇಲ್ಲವೇ ಲೆನ್ಸಿಗೆ ಅರಿಶಿನ ಕೂತಿದೆ, ಅದಕ್ಕೆ ಯಾವ ಆ್ಯಪೂ ಹೊಣೆಯಲ್ಲ.

ಅಳಿಯ ಇನ್ನೊಂದು ಕೆಲಸ ಮಾಡಿದ್ದ. ಮೂಲ ಹುಡುಕುವ ಸೋಮಾರಿತನಕ್ಕೆ, ಗ್ರೂಪಿನ 13 ಎಂಬಿಯನ್ನೇ ಇಳಿಸಿಕೊಂಡು ಎಡಿಟಿಂಗ್ ಆ್ಯಪಿನಲ್ಲಿ ಹಾಡು ಕೂಡಿಸಿ, 1080ಕ್ಕೆ ಹಿಗ್ಗಿಸಿ ತನ್ನ ಯೂಟ್ಯೂಬ್ ಚಾನೆಲ್ಲಿಗೆ ಏರಿಸಿದ್ದ. ಹೆಸರಿಗೆ 1080, ಒಳಗೆ 480. ಎಡಿಟಿಂಗ್ ಆ್ಯಪಿನದು ಮೂರನೇ ಹಿಂಡು, ಯೂಟ್ಯೂಬಿನದು ನಾಲ್ಕನೆಯದು. ಹಿಂದಿನ ಸುತ್ತಿನ ಮುದ್ದೆಯನ್ನೇ ನಿಜವೆಂದು ನಂಬಿ ಪ್ರತಿ ಸುತ್ತೂ ತನ್ನ ಕಲ್ಲಿನಿಂದ ತೂಗುತ್ತದೆ.

ಅದನ್ನು ಅಳಿಸಿಸಿ, ಫೋನಿನ 159 ಎಂಬಿಯನ್ನೇ ಮನೆಯ ವೈಫೈನಲ್ಲಿ ಏರಿಸಿದೆವು. ಮನೆಯವರಿಗೆ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದ. ಹಾಗೆ ಕಳಿಸಿದರೆ ಆ್ಯಪು ಫೈಲನ್ನು ಬಿಚ್ಚಿ ಹಿಂಡುವುದಿಲ್ಲ, ಇದ್ದಂತೆಯೇ ದಾಟಿಸುತ್ತದೆ. ಯೂಟ್ಯೂಬಿನಲ್ಲಿ ಒಂದು ಗಂಟೆಯ ಮೇಲೆ ನೋಡಿದೆವು. ಮುಖಗಳು ಬಂದಿದ್ದವು, ಬ್ಯಾನರಿನ ಅಕ್ಷರ ಓದಬಹುದಿತ್ತು. ಭಂಡಾರ ಮೊದಲಿಗಿಂತ ಎಷ್ಟೋ ವಾಸಿ, ಆದರೆ ಎಲ್ಲರೂ ಒಟ್ಟಿಗೆ ತೂರಿದ ಆ ಎರಡು ಸೆಕೆಂಡು ಅಲ್ಲಿಯೂ ಕಲಸಿತ್ತು. ವಿಡಿಯೊದ ತಾಂತ್ರಿಕ ವಿವರ ತೋರಿಸುವ Stats for nerds ತೆರೆದಾಗ ಕೋಡೆಕ್ ಎಂಬಲ್ಲಿ avc1 ಎಂದಿತ್ತು, ಅಂದರೆ ಅದೇ 2003ರ ಎಚ್.264.

ಮುಂದಿನ ವರ್ಷ ಫೋನನ್ನು 4ಕೆಗೆ ಇಟ್ಟು ತೆಗೆಯುತ್ತಾನಂತೆ. 1080ಕ್ಕಿಂತ ಮೇಲಿನ ಮೆಟ್ಟಿಲುಗಳನ್ನು ಯೂಟ್ಯೂಬ್ vp09 ಇಲ್ಲವೇ ಅದಕ್ಕಿಂತ ಹೊಸ ಕೋಡೆಕ್‌ನಲ್ಲಿ, ಹೆಚ್ಚು ಬಿಟ್ ಕೊಟ್ಟು ಇಡುತ್ತದೆ, ಹಾಗಾಗಿ ಹುಡಿ ಇನ್ನಷ್ಟು ಉಳಿದೀತು. ನೋಡುವವರು ಆ ಮೆಟ್ಟಿಲನ್ನು ಆರಿಸಿಕೊಂಡರೆ. ನಮ್ಮ ಅಕ್ಕ ಮಾತ್ರ ಡಾಕ್ಯುಮೆಂಟ್ ತೆರೆಯಲು ಬಾರದೆ ಗ್ರೂಪಿನ 13 ಎಂಬಿಯನ್ನೇ ನೋಡಿ, “ಮಾಯಕ್ಕನ ಭಂಡಾರ ಭಾಳ ಚೊಲೋ ಬಂದೈತಿ” ಎಂದು ಕೈ ಮುಗಿದಿದ್ದಾಳೆ.