‘ಮಧ್ಯಮ’ ಎಂದರೆ ಯಾರಿಗೆ ಮಧ್ಯಮ?

ವಾಯು ಗುಣಮಟ್ಟದ ದೈನಂದಿನ ವರದಿ ಬರೆಯುವುದು ನನ್ನ ಕೆಲಸ. ‘ತೀವ್ರ’ ಎಂದು ಬರೆದ ದಿನ ಜನ ತಾವಾಗಿಯೇ ಕಿಟಕಿ ಮುಚ್ಚುತ್ತಾರೆ. ‘ಮಧ್ಯಮ’ ಎಂದು ಬರೆದ ದಿನ ಆಸ್ತಮಾ ಇರುವವರೂ ಎಂದಿನಂತೆ ಬೆಳಗಿನ ಓಟಕ್ಕೆ ಹೊರಡುತ್ತಾರೆ. ಆದ್ದರಿಂದ ನನಗೆ ಹೆಚ್ಚು ಆತಂಕ ಈ ಎರಡನೆಯ ಪದದ್ದು.

ಒಂದು ಊರಿನ ಗಾಳಿಯಲ್ಲಿ ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸೂಕ್ಷ್ಮವಾದ ಕಣಗಳ 24 ಗಂಟೆಗಳ ಸರಾಸರಿ, ಘನ ಮೀಟರ್‌ಗೆ 75 ಮೈಕ್ರೋಗ್ರಾಂ ಇದೆ ಎಂದುಕೊಳ್ಳಿ. ಭಾರತದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 61ರಿಂದ 90 ಮೈಕ್ರೋಗ್ರಾಂವರೆಗಿನ ಮಟ್ಟ 101ರಿಂದ 200ರ ಶ್ರೇಣಿಗೆ ಸೇರುತ್ತದೆ. 75 ಆ ಅಂತರದ ನಡುವೆ ಇರುವುದರಿಂದ ಸೂಚ್ಯಂಕ ಸುಮಾರು 150 ಆಗುತ್ತದೆ. ವರ್ಗ ‘ಮಧ್ಯಮ’, ಬಣ್ಣ ಹಳದಿ. ಇದೇ ಗಾಳಿಯನ್ನು ಅಮೆರಿಕದ 2024ರ ಪರಿಷ್ಕೃತ ಮಾಪನಕ್ಕೆ ಹಾಕಿದರೆ ಸುಮಾರು 165 ಬರುತ್ತದೆ. ವರ್ಗ ‘ಅನಾರೋಗ್ಯಕರ’, ಬಣ್ಣ ಕೆಂಪು. ಅಲ್ಲಿ ‘ಮಧ್ಯಮ’ವೂ ಹಳದಿ ಬಣ್ಣವೂ 51ರಿಂದ 100ರ ಶ್ರೇಣಿಗೆ ಮೀಸಲು.

ಮೊಬೈಲ್‌ನಲ್ಲಿ ಎರಡು ಆ್ಯಪ್‌ಗಳು ಎರಡು ಬಣ್ಣ ತೋರಿಸಿದಾಗ ಒಂದು ಸುಳ್ಳು ಹೇಳುತ್ತಿದೆ ಎಂದು ಓದುಗರು ಭಾವಿಸುತ್ತಾರೆ. ಗಾಳಿ ಒಂದೇ, ಗೆರೆ ಎಳೆದ ಜಾಗ ಮಾತ್ರ ಬೇರೆ. ಯಾವ ದೇಶದ ಮಾಪನ ಎಂದು ಹೇಳದ ವರದಿ ಅರ್ಧ ವರದಿಯೇ ಸರಿ.

ಇನ್ನು ಆರೋಗ್ಯದ ಮಾತು. ಭಾರತದ ‘ಮಧ್ಯಮ’ ವರ್ಗದ ವಿವರಣೆಯೇ ಶ್ವಾಸಕೋಶದ ಕಾಯಿಲೆ, ಆಸ್ತಮಾ ಮತ್ತು ಹೃದ್ರೋಗ ಇರುವವರಿಗೆ ಉಸಿರಾಟದ ತೊಂದರೆಯಾಗಬಹುದು ಎನ್ನುತ್ತದೆ. 200 ದಾಟಿ ‘ಕಳಪೆ’ಯಾದರೆ, ಹೆಚ್ಚು ಹೊತ್ತು ಆ ಗಾಳಿಯಲ್ಲಿರುವ ಬಹುತೇಕ ಎಲ್ಲರಿಗೂ ಅದೇ ಪಾಡು. ‘ಅತಿ ಕಳಪೆ’ ಗಾಳಿಗೆ ದೀರ್ಘಕಾಲ ಒಡ್ಡಿಕೊಂಡರೆ ಉಸಿರಾಟದ ಕಾಯಿಲೆಯೇ ಬರಬಹುದು. 401ರಿಂದಾಚೆ, ‘ತೀವ್ರ’ ವರ್ಗದಲ್ಲಿ, ಆರೋಗ್ಯವಂತರೂ ಬಾಧಿತರಾಗುತ್ತಾರೆ. ಅಂದರೆ ಮೆಟ್ಟಿಲು ಏರಿದಂತೆ ಬಾಧಿತರ ವಲಯ ಹಿಗ್ಗುತ್ತದೆ. ವರ್ಗದ ಹೆಸರಿಗಿಂತ ‘ಯಾರಿಗೆ’ ಎಂಬುದನ್ನು ಮೊದಲು ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಸರಾಸರಿಯಲ್ಲೂ ಒಂದು ಮೋಸವಿದೆ. ಪಿಎಂ 2.5 ಬೆಳಗ್ಗೆ ಏಳಕ್ಕೆ 140 ಮೈಕ್ರೋಗ್ರಾಂ ಇದ್ದು ಮಧ್ಯಾಹ್ನ 40ಕ್ಕೆ ಇಳಿದ ದಿನದ ಸರಾಸರಿಯೂ 75 ಇರಬಹುದು. ಏಳು ಗಂಟೆಗೆ ಓಡಿದವರ ಎದೆಗೆ ಹೋದದ್ದು ಸರಾಸರಿಯಲ್ಲ. ಹಾಗೆಂದು ಆ ಒಂದು ಗಂಟೆಯ 140ನ್ನು ದಿನದ ಪಟ್ಟಿಗೆ ಹಾಕಿ ‘ಅತಿ ಕಳಪೆ’ ಎಂದು ಘೋಷಿಸುವುದೂ ತಪ್ಪು, ಏಕೆಂದರೆ ಆ ಗೆರೆಗಳು 24 ಗಂಟೆಗಳ ಸರಾಸರಿಗೆ ಎಳೆದವು.

ಅಂಥ ದಿನ ನಾನು ಹೀಗೆ ಬರೆಯುತ್ತೇನೆ: ‘ಆಸ್ತಮಾ ಮತ್ತು ಹೃದ್ರೋಗ ಇರುವವರು ಇಂದು ಓಡುವುದಿದ್ದರೆ ಮಧ್ಯಾಹ್ನದ ನಂತರ ಓಡುವುದು ಒಳಿತು. ಬೆಳಗ್ಗೆ ಸೂಕ್ಷ್ಮ ಕಣಗಳು ಹೆಚ್ಚಿದ್ದವು, ಈಗ ಇಳಿದಿವೆ. ದಿನದ ಸೂಚ್ಯಂಕ ಭಾರತದ ಮಾಪನದಲ್ಲಿ 150, ಮಧ್ಯಮ.’