ಪಾಸ್‌ಬುಕ್ಕಿನ ಮೂರು ಸಾಲು ಮತ್ತು ಮೊದಲ ಐದು ವರ್ಷ

ಪಿಎಫ್ ಪಾಸ್‌ಬುಕ್ಕನ್ನು ಮೊದಲ ಸಲ ತೆರೆದವರೆಲ್ಲ ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: "ನನ್ನ ಸಂಬಳದಿಂದ 1,440 ಹಿಡಿದಿದ್ದಾರೆ. ಕಂಪನಿಯವರೂ ಅಷ್ಟೇ ಹಾಕಬೇಕಲ್ವಾ? ಇಲ್ಲಿ ಬರೀ 440 ಇದೆ!"

ಮೋಸವೇನೂ ಆಗಿಲ್ಲ. ಪಕ್ಕದ ಸಾಲನ್ನು ನೋಡಿರುವುದಿಲ್ಲ, ಅಷ್ಟೇ.

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಹೆಸರು ರತ್ನ ಎಂದಿರಲಿ. ವಯಸ್ಸು 28, ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 12,000 ರೂಪಾಯಿ. ಅದರ ಶೇಕಡಾ 12 ಅಂದರೆ 1,440 ಅವಳ ಸಂಬಳದಿಂದ ಹೋಗುತ್ತದೆ. ಕಂಪನಿಯೂ 1,440 ಕಟ್ಟುತ್ತದೆ. ಆದರೆ ಆ ದುಡ್ಡು ದಾರಿಯಲ್ಲೇ ಎರಡು ಪಾಲಾಗುತ್ತದೆ. ಸಂಬಳದ ಶೇಕಡಾ 8.33, ಅಂದರೆ 1,000 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 440 ಮಾತ್ರ ಪಿಎಫ್‌ಗೆ ಬರುತ್ತದೆ. ಸಂಬಳ ಎಷ್ಟೇ ಜಾಸ್ತಿ ಇದ್ದರೂ ಸಾಮಾನ್ಯವಾಗಿ 15,000ದವರೆಗೆ ಮಾತ್ರ ಈ ಪಿಂಚಣಿ ಪಾಲಿನ ಲೆಕ್ಕ. ಹಾಗಾಗಿ ಅದು 1,250 ದಾಟುವುದಿಲ್ಲ.

ಪಿಂಚಣಿ ಸಾಲಿನ ಆ 1,000ಕ್ಕೆ ಬಡ್ಡಿ ಬರುವುದಿಲ್ಲ. ಅದು ರತ್ನಳ ಹೆಸರಲ್ಲಿ ಬೆಳೆಯುವ ಗಂಟಲ್ಲ. ಅದರ ವಿಷಯಕ್ಕೆ ಆಮೇಲೆ ಬರೋಣ. ಬೆಳೆಯುವುದು 1,440 ಮತ್ತು 440, ಒಟ್ಟು 1,880.

ಪಿಎಫ್ ಬಡ್ಡಿ ದರ ವರ್ಷ ವರ್ಷ ಬದಲಾಗುತ್ತದೆ. 1990ರ ದಶಕದಲ್ಲಿ ಶೇಕಡಾ 12 ಇತ್ತು, 2021-22ರಲ್ಲಿ 8.1ಕ್ಕೆ ಇಳಿಯಿತು, 2024-25ಕ್ಕೆ 8.25 ಕೊಟ್ಟರು. ನಮ್ಮ ಲೆಕ್ಕಕ್ಕೆ 8.25 ಹಿಡಿಯೋಣ. ಬಡ್ಡಿಯನ್ನು ತಿಂಗಳ ಬಾಕಿಯ ಮೇಲೆ ಎಣಿಸುತ್ತಾರೆ, ಆದರೆ ಖಾತೆಗೆ ಸೇರಿಸುವುದು ವರ್ಷಕ್ಕೊಮ್ಮೆ. ಮೊದಲ ತಿಂಗಳ 1,880ಕ್ಕೆ 11 ತಿಂಗಳ ಬಡ್ಡಿ, ಎರಡನೆಯದಕ್ಕೆ 10 ತಿಂಗಳದ್ದು, ಹೀಗೆ ಇಳಿಯುತ್ತಾ ಕೊನೆಯ ಕಂತಿಗೆ ಸೊನ್ನೆ. ಮೊದಲ ವರ್ಷ ರತ್ನ ಮತ್ತು ಕಂಪನಿ ಸೇರಿ ಕಟ್ಟಿದ್ದು 22,560. ಬಂದ ಬಡ್ಡಿ ಸುಮಾರು 853 ರೂಪಾಯಿ. ಇಷ್ಟೇನಾ ಅನಿಸುತ್ತದೆ. ಹಾಗೆ ಅನಿಸುವುದರಿಂದಲೇ ಜನ ಬೇಗ ಬಿಡಿಸಿಕೊಳ್ಳುತ್ತಾರೆ.

ಐದು ವರ್ಷ ಕಳೆಯಿತು. ಸಂಬಳ ಏರಲೇ ಇಲ್ಲ ಎಂದುಕೊಂಡರೂ ಖಾತೆಯಲ್ಲಿ ಸುಮಾರು 1,38,000 ಇರುತ್ತದೆ. ಇದರಲ್ಲಿ ಬಡ್ಡಿ 25,000 ಚಿಲ್ಲರೆ. ರತ್ನ ಈಗ ಆ ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ಸೇರುತ್ತಾಳೆ. ನಡುವೆ ಸ್ವಲ್ಪ ಕಾಲ ಮನೆಯಲ್ಲಿದ್ದಾಗ ಪಕ್ಕದ ಮನೆಯವರು ಹೇಳುತ್ತಾರೆ: "ಹಳೇ ಪಿಎಫ್ ಸುಮ್ನೆ ಅಲ್ಲಿ ಯಾಕೆ ಬಿದ್ದಿರ್ಬೇಕು, ತೆಗೆದುಬಿಡು."

ಅದು ಸುಮ್ನೆ ಬಿದ್ದಿಲ್ಲ. ಕೆಲಸ ಬಿಟ್ಟ ಮೇಲೂ 58 ವರ್ಷದವರೆಗೆ ಆ ದುಡ್ಡಿಗೆ ಬಡ್ಡಿ ನಡೆಯುತ್ತದೆ. ಮುಂದೆ ಒಂದು ಪೈಸೆ ಸೇರಿಸದಿದ್ದರೂ 1,38,000 ರೂಪಾಯಿ ಇನ್ನೂ 25 ವರ್ಷದಲ್ಲಿ, ಅವಳಿಗೆ 58 ಆಗುವ ಹೊತ್ತಿಗೆ, ಸುಮಾರು 10 ಲಕ್ಷ ಆಗುತ್ತದೆ. ಈ ದರದಲ್ಲಿ ದುಡ್ಡು ಹೆಚ್ಚು ಕಡಿಮೆ 9 ವರ್ಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಈ ಗಂಟಿಗೆ ಮೊದಲ ವರ್ಷ ಬರುವ ಬಡ್ಡಿ 11,000 ಚಿಲ್ಲರೆ. ಅದೇ ಗಂಟಿಗೆ 25ನೇ ವರ್ಷ ಬರುವ ಬಡ್ಡಿ 76,000. ಇವತ್ತು ಬಿಡಿಸಿಕೊಂಡವಳು ಕಳೆದುಕೊಳ್ಳುವುದು ಈ ವರ್ಷದ 11,000 ಎಂದು ತೋರುತ್ತದೆ. ನಿಜವಾಗಿ ಕೈಬಿಡುವುದು ಕೊನೆಯ ವರ್ಷಗಳ ಆ ದೊಡ್ಡ ಮೊತ್ತಗಳನ್ನು. ಅವು ಇನ್ನೂ ಕಣ್ಣಿಗೆ ಕಾಣದ್ದರಿಂದ ಹೊಟ್ಟೆ ಉರಿಯುವುದಿಲ್ಲ.

ಮೂವತ್ತು ವರ್ಷ ಹೀಗೇ ಕಟ್ಟುತ್ತಾ ಹೋಗಿ, ಮುಟ್ಟದೆ ಬಿಟ್ಟರೆ ಅವಳ ಖಾತೆಯಲ್ಲಿ ಸುಮಾರು 27.8 ಲಕ್ಷ ಇರುತ್ತದೆ. ಅದರಲ್ಲಿ 10 ಲಕ್ಷ ಮೊದಲ ಐದು ವರ್ಷದ ಕಂತುಗಳಿಂದ ಬಂದದ್ದು. ಕೊನೆಯ ಐದು ವರ್ಷ ಅಷ್ಟೇ ಕಟ್ಟಿದರೂ ಅದರಿಂದ ಬರುವುದು 1.38 ಲಕ್ಷ ಮಾತ್ರ.

ಇಲ್ಲಿ ಸ್ವಲ್ಪ ತಣ್ಣೀರು ಹಾಕಬೇಕು. ಮೂವತ್ತು ವರ್ಷ ಸಂಬಳ ಏರದೆ ಇರುವುದಿಲ್ಲ. ವರ್ಷಕ್ಕೆ ಶೇಕಡಾ 6 ಏರಿದರೆ ಕೊನೆಯ ಕಂತುಗಳು ದೊಡ್ಡವಾಗುತ್ತವೆ, ಮೊದಲ ಐದು ವರ್ಷದ ಪಾಲು ಐದರಲ್ಲಿ ಒಂದಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ. ಆದರೂ ಕಟ್ಟಿದ ದುಡ್ಡಿನಲ್ಲಿ ಅದು ನೂರಕ್ಕೆ ಆರೂ ಇಲ್ಲ! ಇನ್ನೊಂದು ಮಾತು, ಬೆಲೆಗಳೂ ಏರುತ್ತವೆ. ಬೆಲೆ ವರ್ಷಕ್ಕೆ ಶೇಕಡಾ 6 ಏರಿದರೆ, 25 ವರ್ಷದ ನಂತರದ ಆ 10 ಲಕ್ಷಕ್ಕೆ ಸಿಗುವ ಸಾಮಾನು ಇವತ್ತಿನ 2.3 ಲಕ್ಷದ್ದು. 1.38 ಲಕ್ಷ 2.3 ಲಕ್ಷವಾಗುವುದು ಒಳ್ಳೆಯದೇ, ಆದರೆ ಏಜೆಂಟರು ಹೇಳುವಂಥ ಪವಾಡ ಅಲ್ಲ.

ಈಗ ಆ 1,000ದ ಸಾಲಿಗೆ ಬರೋಣ. ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು. ಇಲ್ಲಿ ಎಣಿಕೆಗೆ ಬರುವುದು ವರ್ಷಗಳು. ಕೆಲಸ ಬಿಟ್ಟಾಗ ಫಾರಂ 10ಸಿ ಹಾಕಿ ಪಿಂಚಣಿ ಪಾಲನ್ನೂ ತೆಗೆದುಕೊಂಡರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಮೂರು ಫ್ಯಾಕ್ಟರಿಯಲ್ಲಿ ನಾಲ್ಕು ನಾಲ್ಕು ವರ್ಷ ದುಡಿದು ಪ್ರತಿ ಸಲ ಬಿಡಿಸಿಕೊಂಡವಳಿಗೆ 12 ವರ್ಷದ ನಂತರವೂ ಪಿಂಚಣಿ ಇಲ್ಲ. ಖಾತೆಯನ್ನು ವರ್ಗಾಯಿಸುತ್ತಾ ಬಂದಿದ್ದರೆ ಸೂತ್ರ ಹೀಗೆ: 12,000 × 12 ÷ 70. ಅಂದರೆ ತಿಂಗಳಿಗೆ 2,057 ರೂಪಾಯಿ, 58ರಿಂದ ಬದುಕಿರುವವರೆಗೆ. ದೊಡ್ಡ ಮೊತ್ತವಲ್ಲ ನಿಜ. ಆದರೆ ನಾಲ್ಕು ವರ್ಷಕ್ಕೊಮ್ಮೆ ಕೈಗೆ ಬಂದ ಚೂರು ದುಡ್ಡಿಗಾಗಿ ಇದನ್ನು ಬಿಟ್ಟುಕೊಟ್ಟದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ತೆಗೆಯಲೇಬಾರದು ಎಂದು ಕಾನೂನು ಮಾಡಿದರೆ? 2016ರಲ್ಲಿ ಅದನ್ನೂ ನೋಡಿದ್ದಾಯಿತು. ಕಂಪನಿಯ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ನಿಯಮ ಬಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ರಸ್ತೆಗೆ ಇಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವರಿಗೆ ಚಕ್ರಬಡ್ಡಿ ಗೊತ್ತಿರಲಿಲ್ಲ ಎಂದು ಆಗ ಟೀಕಿಸಿದವರಿದ್ದರು. ನನಗೆ ಹಾಗನಿಸುವುದಿಲ್ಲ. ಅವರಿಗೆ ಇನ್ನೊಂದು ಬಡ್ಡಿ ಚೆನ್ನಾಗಿ ಗೊತ್ತಿತ್ತು: ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಸಾಲ.

ಪಿಎಫ್ ಬಡ್ಡಿಯನ್ನೂ ಅದೇ ಭಾಷೆಯಲ್ಲಿ ಹೇಳಿದರೆ ನೂರಕ್ಕೆ ತಿಂಗಳಿಗೆ 69 ಪೈಸೆ. ಮೂರು ರೂಪಾಯಿ ಬಡ್ಡಿಯ ಸಾಲ ತಲೆ ಮೇಲಿದ್ದಾಗ ಪಿಎಫ್ ಬೆಳೆಯಲಿ ಎಂದು ಕಾಯುವುದು ತಿಂಗಳಿಗೆ ನೂರಕ್ಕೆ 2 ರೂಪಾಯಿ 31 ಪೈಸೆ ನಷ್ಟ. ಅಂಥ ಸಾಲ ತೀರಿಸಲು ರತ್ನ ದುಡ್ಡು ತೆಗೆದರೆ ಅವಳ ಲೆಕ್ಕವೇ ಸರಿ. ಆಗಲೂ ಸಾಲಕ್ಕೆ ಬೇಕಾದಷ್ಟು ಮಾತ್ರ ತೆಗೆದು, ಪಿಂಚಣಿ ಸಾಲನ್ನು ಮುಟ್ಟದೆ ಉಳಿಸಿದರೆ ಸೇವೆಯ ವರ್ಷಗಳು ಹಾಗೇ ಇರುತ್ತವೆ. ಹೊಸ ಟಿವಿಗೋ ಮದುವೆಯ ಉಡುಗೊರೆಗೋ ತೆಗೆದರೆ ಮಾತ್ರ ಆ ಟಿವಿಯ ಬೆಲೆ ಏಳು ಪಟ್ಟು.